ಗೋಕಾಕ ನೆರೆ: ಶುಕ್ರವಾರ ಸಂಜೆ 6 ಗಂಟೆವರೆಗೆ ಖಚಿತವಾಗಿ ಗೊತ್ತಿರುವುದು

ಮೊದಲು ನಂಬರ್‌ಗಳು. ಮನೆಯಲ್ಲಿ ಫೋನ್ ಬಳಸಲು ಬಾರದ ಹಿರಿಯರಿದ್ದರೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

112: ಜೀವಕ್ಕೆ ಅಪಾಯ ಇದ್ದರೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೊಂದೇ ಸಾಕು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ.
0831-1077: ಬೆಳಗಾವಿ ಜಿಲ್ಲಾ ಕಂಟ್ರೋಲ್ ರೂಮ್. ದೋಣಿ ಬೇಕು, ನೀರು ಸುತ್ತುವರಿದಿದೆ ಅಂದರೆ ಇಲ್ಲಿಗೆ.
108: ಆಂಬುಲೆನ್ಸ್. ಬಸುರಿಯರು, ಬಾಣಂತಿಯರು, ಡಯಾಲಿಸಿಸ್ ಇರುವವರು ನೀರು ಮನೆಗೆ ಬರುವ ಮೊದಲೇ ಫೋನ್ ಮಾಡಿ.
1912: ಕರೆಂಟ್. ಕಂಬ ವಾಲಿದ್ದರೆ, ತಂತಿ ನೀರಿಗೆ ಬಿದ್ದಿದ್ದರೆ.
1962: ದನಕರುಗಳ ಚಿಕಿತ್ಸೆಗೆ.

1077ರ ಬಗ್ಗೆ ಒಂದು ಮಾತು. ಅದು ದೇಶದ ಎಲ್ಲ ಜಿಲ್ಲೆಗೂ ಇರುವ ನಂಬರ್. ಗಡಿ ಕಡೆ ಇರುವವರ ಫೋನ್ ಎಷ್ಟೋ ಸಲ ಮಹಾರಾಷ್ಟ್ರದ ಟವರ್ ಹಿಡಿಯುತ್ತದೆ. ಬರೀ 1077 ಒತ್ತಿದರೆ ಕರೆ ಬೇರೆ ಜಿಲ್ಲೆಗೆ ಹೋಗಬಹುದು. ಪುಣೆಯಲ್ಲೋ ಬೆಂಗಳೂರಲ್ಲೋ ಕೂತು ಊರಿನ ಮನೆಯವರ ಪರವಾಗಿ ಫೋನ್ ಮಾಡುವ ಮಕ್ಕಳಿಗೂ ಇದೇ ತೊಂದರೆ. ಅದಕ್ಕೇ ಮುಂದೆ 0831 ಸೇರಿಸಿ.

ಫೋನ್ ಎತ್ತಿದ ಕೂಡಲೇ ಅಳಬೇಡಿ ಅನ್ನಲು ನಾನ್ಯಾರು? ಆದರೆ ಮೊದಲ ಮಾತಿನಲ್ಲೇ ಓಣಿಯ ಹೆಸರು, ಹತ್ತಿರದ ಗುಡಿ ಅಥವಾ ಮಸೀದಿ, ಎಷ್ಟು ಜನ, ಅದರಲ್ಲಿ ನಡೆಯಲಾಗದವರು ಎಷ್ಟು, ಇಷ್ಟು ಹೇಳಿಬಿಡಿ. ಲೈನ್ ಕಟ್ಟಾದರೂ ಅವರ ಕೈಯಲ್ಲಿ ವಿಳಾಸ ಇರುತ್ತದೆ.

ಕಾಳಜಿ ಕೇಂದ್ರಗಳು

ಮಧ್ಯಾಹ್ನ 3ರಿಂದ 5ರ ನಡುವೆ ನಾನು ಮತ್ತು ನಮ್ಮ ಶಾಲೆಯ ಇನ್ನಿಬ್ಬರು ಮೇಷ್ಟ್ರು ಬೈಕ್‌ನಲ್ಲಿ ಹೋಗಿ ಕಣ್ಣಾರೆ ನೋಡಿ ಬಂದ ಎರಡು, ವಿಡಿಯೊ ಕಾಲ್‌ನಲ್ಲಿ ನೋಡಿದ ಒಂದು, ಇಷ್ಟು ಮಾತ್ರ ಇಲ್ಲಿವೆ.

ಎಪಿಎಂಸಿ ಆವರಣದ ಗೋದಾಮು. ಬೀಗ ತೆಗೆದಿದೆ, ಲೈಟ್ ಇದೆ, ಜನರೇಟರ್ ಇದೆ. ನಾವು ಹೋದಾಗ ಸುಮಾರು 140 ಜನ ಇದ್ದರು, ಇನ್ನೂ ಅಷ್ಟೇ ಜನಕ್ಕೆ ಜಾಗ ಆಗುತ್ತದೆ. ಮಧ್ಯಾಹ್ನ ಅನ್ನ ಸಾರು ಕೊಟ್ಟಿದ್ದಾರೆ, ರಾತ್ರಿ ಊಟಕ್ಕೆ ಒಲೆ ಹಚ್ಚಿದ್ದನ್ನು ನೋಡಿದೆವು. ದನ ಕಟ್ಟಲು ಹಿಂದಿನ ಶೆಡ್ ಬಿಟ್ಟುಕೊಟ್ಟಿದ್ದಾರೆ. ಇದು ದೊಡ್ಡ ವಿಷಯ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಬಸ್ ಸ್ಟ್ಯಾಂಡ್‌ನಿಂದ ಏರು ಹತ್ತಿದರೆ ಸಿಗುವ ಸರ್ಕಾರಿ ಪ್ರೌಢಶಾಲೆ. ಆರು ಕೋಣೆ ತೆರೆದಿದ್ದಾರೆ, ಎರಡು ಹೆಂಗಸರಿಗೆ ಮತ್ತು ಚಿಕ್ಕ ಮಕ್ಕಳಿಗೆ ಮೀಸಲು. ಶೌಚಾಲಯದಲ್ಲಿ ನೀರು ಬರುತ್ತಿದೆ. ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ಮಾತ್ರೆ ಇಟ್ಟುಕೊಂಡು ಕೂತಿದ್ದಾರೆ. ಇಲ್ಲಿ ದನಕ್ಕೆ ಜಾಗ ಇಲ್ಲ.

ಲೋಳಸೂರ ಊರಿನ ಎತ್ತರದಲ್ಲಿರುವ ಪ್ರಾಥಮಿಕ ಶಾಲೆ. ಹೊಳೆಯ ಆಚೆ ದಡದವರಿಗೆ ಇದೊಂದೇ. ಅಲ್ಲಿಗೆ ನಾವು ಹೋಗಲು ಆಗಲಿಲ್ಲ. ಅಲ್ಲಿರುವ ನಮ್ಮ ಸಹೋದ್ಯೋಗಿ 4.40ಕ್ಕೆ ವಿಡಿಯೊ ಕಾಲ್ ಮಾಡಿ ಕೋಣೆಗಳನ್ನೆಲ್ಲ ತೋರಿಸಿದರು. ಜಾಗ ಇದೆ, ಹಾಸಿಗೆ ಕಡಿಮೆ. ಹೋಗುವವರು ಮನೆಯಿಂದ ಕೌದಿ, ಚಾದರ ತೆಗೆದುಕೊಂಡು ಹೋಗಿ.

ಬೆಳಿಗ್ಗೆ ಎಲ್ಲ ಗ್ರೂಪ್‌ಗಳಲ್ಲಿ ಓಡಾಡಿದ "9 ಕೇಂದ್ರಗಳ ಪಟ್ಟಿ"ಯನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಅದರಲ್ಲಿ ಎರಡು ಕಡೆ ಹೋಗಿ ನೋಡಿದೆವು. ಒಂದಕ್ಕೆ ಬೀಗ. ಇನ್ನೊಂದರ ಅಂಗಳದಲ್ಲೇ ಮೊಣಕಾಲುದ್ದ ನೀರು. ಆ ಪಟ್ಟಿಯಲ್ಲಿದ್ದ ಒಂದು ಮೊಬೈಲ್ ನಂಬರ್‌ಗೆ ಫೋನ್ ಮಾಡಿದರೆ ಎತ್ತಿದವರು ಒಬ್ಬ ಟೇಲರ್. "ಸರ್, 2019ರಿಂದ ಪ್ರತಿ ಮಳೆಗಾಲ ನನಗೆ ಇದೇ ಗೋಳು, ಆ ಸಾಹೇಬರ ಹಳೆ ನಂಬರ್ ನನಗೆ ಬಂದಿದೆ" ಅಂದರು. ಪಾಪ, ಅವರನ್ನೂ ಬಿಟ್ಟುಬಿಡಿ.

ಬೇರೆಯವರನ್ನು ಬೈಯುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಆ ಪಟ್ಟಿಯನ್ನು ಬೆಳಿಗ್ಗೆ 7 ಗಂಟೆಗೆ ನಾಲ್ಕು ಗ್ರೂಪ್‌ಗೆ ಕಳಿಸಿದವರಲ್ಲಿ ನಾನೂ ಒಬ್ಬ. ನಮ್ಮ ಓಣಿಯ ಮೂರು ಮನೆಯವರು ಅದನ್ನು ನಂಬಿ, ಒಬ್ಬ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು, ಬೀಗ ಹಾಕಿದ ಬಾಗಿಲಿನ ಮುಂದೆ ಮಳೆಯಲ್ಲಿ ಒಂದು ಗಂಟೆ ನಿಂತಿದ್ದರು. ಕಳಿಸಿದವನು ನಾನು ಅಂತ ಅವರಿಗೆ ಗೊತ್ತು. ಏನೂ ಅನ್ನಲಿಲ್ಲ. ಅದಾದ ಮೇಲೇ ಬೈಕ್ ತೆಗೆದದ್ದು.

ನೀರಿನ ಲೆಕ್ಕ

ಹಿಡಕಲ್ ಡ್ಯಾಂ ಒಡೆದಿಲ್ಲ. ಬಿರುಕೂ ಬಿಟ್ಟಿಲ್ಲ. ಮಧ್ಯಾಹ್ನದಿಂದ ಓಡಾಡುತ್ತಿರುವ ಆಡಿಯೊದಲ್ಲಿ ಯಾರೋ ಒಬ್ಬರು ಏದುಸಿರು ಬಿಡುತ್ತಾ "ಡ್ಯಾಂ ಹೋತು, ಎಲ್ಲಾರೂ ಗುಡ್ಡ ಹತ್ರಿ" ಅನ್ನುತ್ತಾರೆ. ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ, ಒಂದೂ ಇಲ್ಲ. 0831-1077ಕ್ಕೆ ಫೋನ್ ಮಾಡಿ ಕೇಳಿದೆ. ಗೇಟ್ ತೆರೆದು ನೀರು ಬಿಡುತ್ತಿದ್ದಾರೆ, 5 ಗಂಟೆಗೆ ಹೊರಹರಿವು 38,000 ಕ್ಯೂಸೆಕ್, ಡ್ಯಾಂಗೆ ಏನೂ ಆಗಿಲ್ಲ ಅಂದರು. ಆ ಆಡಿಯೊ ಕೇಳಿ ಓಡಿದ ಒಬ್ಬ ಕಾಕಾ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ.

ಹಾಗಂತ ನಿರಾಳ ಅಂತಲ್ಲ. ಘಟ್ಟದ ಕಡೆ, ಅಂಬೋಲಿ ಭಾಗದಲ್ಲಿ ಮಳೆ ನಿಂತಿಲ್ಲ. ಅಲ್ಲಿಯ ನೀರು ಹಿರಣ್ಯಕೇಶಿಯಲ್ಲಿ ಬಂದು ಘಟಪ್ರಭೆ ಸೇರುತ್ತದೆ. ಇತ್ತ ಮಾರ್ಕಂಡೇಯ ಹೊಳೆಯೂ ನಮ್ಮ ಊರಿನ ಹತ್ತಿರವೇ ಬಂದು ಕೂಡುತ್ತದೆ. ಹಿಡಕಲ್ ಲೆಕ್ಕ ಒಂದನ್ನೇ ನೋಡಿ "ಇಷ್ಟೇನಾ" ಅಂದುಕೊಂಡರೆ ಮೋಸ ಹೋಗುತ್ತೇವೆ. ಊರಿನಲ್ಲಿ ಮಳೆ ನಿಂತು ಬಿಸಿಲು ಬಂದ ದಿನವೇ ಮನೆಗೆ ನೀರು ನುಗ್ಗುವುದು ಇದಕ್ಕೇ. 2019ರ ಆಗಸ್ಟ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸ್ಕ್ರೀನ್‌ಶಾಟ್: "3 ಲಕ್ಷ ಕ್ಯೂಸೆಕ್ ಬಿಟ್ಟಿದ್ದಾರೆ, ರಾತ್ರಿ ಗೋಕಾಕ ಮುಳುಗುತ್ತದೆ." ಸರಿಯಾಗಿ ನೋಡಿ, ಅದು ಆಲಮಟ್ಟಿಯ ಲೆಕ್ಕ. ಆಲಮಟ್ಟಿ ನಮಗಿಂತ ಕೆಳಗಿದೆ. ಅಲ್ಲಿ ಬಿಟ್ಟ ನೀರು ತಿರುಗಿ ಮೇಲಕ್ಕೆ ಹರಿದು ನಮ್ಮೂರಿಗೆ ಬರುತ್ತದಾ? ನಮ್ಮ ಹೊಳೆ ಕೃಷ್ಣೆಗೆ ಸೇರಿ ಅಲ್ಲಿಗೇ ಹೋಗಬೇಕು. ಅಲ್ಲಿ ನೀರು ಹೊರಗೆ ಹೋಗುತ್ತಿದ್ದರೆ ಹಿನ್ನೀರಿನ ಅಂಚಿನ ಊರುಗಳಿಗೆ ಒಳ್ಳೆಯದೇ. ಆತಂಕ ಇರಬೇಕಾದದ್ದು ಅದರ ಕೆಳಗಿನವರಿಗೆ. ಕ್ಯೂಸೆಕ್ ಅಂಕಿ ಬಂದಾಗ ಮೊದಲು ಯಾವ ಡ್ಯಾಂ, ಆಮೇಲೆ ಒಳಹರಿವೋ ಹೊರಹರಿವೋ, ಇವೆರಡು ನೋಡಿ.

ಲೋಳಸೂರ ಬ್ರಿಜ್ ಕೊಚ್ಚಿಹೋಗಿದೆ ಅನ್ನುವ ವಿಡಿಯೊ ನಮ್ಮದಲ್ಲ. ಅದರಲ್ಲಿ ಕಾಣುವ ಅಂಗಡಿ ಬೋರ್ಡ್ ಕನ್ನಡದ್ದೂ ಅಲ್ಲ, ಮರಾಠಿಯದೂ ಅಲ್ಲ. ನಿಜ ಸ್ಥಿತಿ ಇದು: ಬ್ರಿಜ್ ಮೇಲೆ ನೀರು ಹರಿಯುತ್ತಿದೆ, ಪೊಲೀಸರು ಎರಡೂ ಕಡೆ ಬ್ಯಾರಿಕೇಡ್ ಹಾಕಿದ್ದಾರೆ. ಚಿಕ್ಕೋಳಿ ಬ್ರಿಜ್ ಮತ್ತು ಶಿಂಗಳಾಪುರ ಬ್ರಿಜ್ ಕೂಡ ಬಂದ್. ಸೆಲ್ಫಿಗೆ ಹೋಗುವ ಹುಡುಗರ ಅಪ್ಪ ಅವ್ವಂದಿರು ಓದುತ್ತಿದ್ದರೆ, ಬೈಕ್ ಕೀಲಿ ತೆಗೆದಿಟ್ಟುಬಿಡಿ. ಒಂದಡಿ ನೀರು ರಭಸದಲ್ಲಿದ್ದರೆ ಕಾರನ್ನೇ ತೇಲಿಸಬಲ್ಲದು, ಬೈಕ್ ಯಾವ ಲೆಕ್ಕ?

ಇನ್ನೂ ಮನೆಯಲ್ಲೇ ಇರುವವರಿಗೆ

ತಗ್ಗಿನ ಗಲ್ಲಿಯವರು, ಮಚ್ಚಿ ಮಾರ್ಕೆಟ್ ಸುತ್ತಲಿನವರು ಕತ್ತಲಾಗುವ ಮೊದಲು ಹೊರಡಿ. ಎಷ್ಟೋ ಜನ ದನ ಬಿಟ್ಟು ಹೇಗೆ ಬರೋದು ಅಂತ ಕೂತಿದ್ದಾರೆ. ಎಪಿಎಂಸಿ ಶೆಡ್ ತೆರೆದಿರುವುದನ್ನು ಅವರಿಗೆ ತಲುಪಿಸಿ. ಈ ಇಡೀ ಪೋಸ್ಟ್‌ನಲ್ಲಿ ಒಂದೇ ಸಾಲು ಹಂಚಬೇಕಾದರೆ ಅದನ್ನೇ ಹಂಚಿ. ದನ ಹೊಡೆದುಕೊಂಡು ಬರಲು ಆಗದೇ ಇದ್ದರೆ ಕಣ್ಣಿ ಬಿಚ್ಚಿ ಬಿಡಿ. ಬಿಟ್ಟ ಎಮ್ಮೆ ಈಜಿ ದಡ ಸೇರುತ್ತದೆ, ಕಟ್ಟಿದ ಎಮ್ಮೆಗೆ ದಾರಿಯೇ ಇಲ್ಲ.

ಮೇನ್ ಸ್ವಿಚ್ ಆಫ್ ಮಾಡಿ, ಸಿಲಿಂಡರ್ ಬಂದ್ ಮಾಡಿ. ಆದರೆ ನೀರಿನಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಹೊಲದ ಉತಾರ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಮನೆಗೆ ಬೀಗ ಹಾಕುವ ಮೊದಲು ಒಳಗೆ ನಾಲ್ಕು ಫೋಟೊ ತೆಗೆದುಕೊಳ್ಳಿ, ಮುಂದೆ ಪಂಚನಾಮೆಗೆ ಬೇಕಾಗುತ್ತದೆ. ಹಾವು ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ, 108ಕ್ಕೆ ಫೋನ್ ಮಾಡಿ ನೇರ ಸರ್ಕಾರಿ ಆಸ್ಪತ್ರೆಗೆ.

ಹಂಚುವವರಲ್ಲಿ ಒಂದು ಬೇಡಿಕೆ

ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನುವ ಮೆಸೇಜ್ ಬಂದರೆ, ಹಂಚುವ ಮೊದಲು ಅದರಲ್ಲಿರುವ ನಂಬರ್‌ಗೆ ಒಂದು ಫೋನ್ ಮಾಡಿ. ನಿನ್ನೆ ರಾತ್ರಿ ಒಂದು ಕುಟುಂಬದ ಮೆಸೇಜ್ ನನಗೆ ಹನ್ನೊಂದು ಸಲ ಬಂತು. ಅವರು ಅಷ್ಟು ಹೊತ್ತಿಗೆ ತಂಗಿಯ ಮನೆಯಲ್ಲಿ ಊಟ ಮಾಡಿ ಮಲಗಿದ್ದರು. ಆದರೆ ಆ ಮೆಸೇಜ್ ನೋಡಿ ಕರೆ ಮೇಲೆ ಕರೆ ಹೋಗಿ ದೋಣಿಯೊಂದು ಆ ಕಡೆ ಹೊರಟಿತ್ತು. ನಮ್ಮ ಭಾಗದಲ್ಲಿ ಇರುವುದೇ ಎರಡು ದೋಣಿ. ಫೋನ್ ಎತ್ತದಿದ್ದರೆ ಮೆಸೇಜನ್ನು ಗ್ರೂಪ್‌ಗೆ ಹಾಕಬೇಡಿ, 0831-1077ಕ್ಕೆ ತಿಳಿಸಿ. ದೋಣಿ ಕಳಿಸುವವರು ಅವರು, ನಮ್ಮ ಗ್ರೂಪ್ ಅಲ್ಲ.

ಏನೇ ಬರೆದರೂ ದಿನ ಮತ್ತು ಗಂಟೆ ಹಾಕಿ. "ಈಗ" ಅಂತ ಬರೆಯಬೇಡಿ, ಮೂರು ದಿನ ಬಿಟ್ಟು ಓದುವವನಿಗೂ ಅದು "ಈಗ"ಲೇ. ಕೆಲಸ ಮುಗಿದರೆ "ಇವರು ಸುರಕ್ಷಿತ" ಅಂತ ಅದೇ ಗ್ರೂಪ್‌ನಲ್ಲಿ ಹಾಕಿ, ಹಳೆಯದನ್ನು ಅಳಿಸಿ. ನಾನು ಬರೆದದ್ದರಲ್ಲಿ ತಪ್ಪು ಕಂಡರೆ ಸಂಕೋಚ ಬೇಡ, ನೇರವಾಗಿ ಹೇಳಿ, ತಿದ್ದುತ್ತೇನೆ.

ಸಹಾಯ ಮಾಡುವವರಿಗೆ: ಹಳೆ ಬಟ್ಟೆ ಸಾಕು, ಎಪಿಎಂಸಿಯಲ್ಲಿ ಈಗಾಗಲೇ ಗುಡ್ಡೆ ಬಿದ್ದಿದೆ. ಬೇಕಿರುವುದು ಕುಡಿಯುವ ನೀರಿನ ಕ್ಯಾನ್, ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್, ಸೊಳ್ಳೆ ಬತ್ತಿ, ಚಾದರ, ದನಕ್ಕೆ ಒಣ ಮೇವು. ತಂದವರು ನೇರವಾಗಿ ಕೇಂದ್ರದಲ್ಲಿ ರಿಜಿಸ್ಟರ್‌ನಲ್ಲಿ ಬರೆಸಿ ಕೊಡಿ. ನಾವು ಮೂವರು ದುಡ್ಡು ಸಂಗ್ರಹ ಮಾಡುತ್ತಿಲ್ಲ. ನಮ್ಮ ಹೆಸರಲ್ಲೋ ನೆರೆಯ ಹೆಸರಲ್ಲೋ ಗೊತ್ತಿಲ್ಲದವರ ಕ್ಯೂಆರ್ ಕೋಡ್ ಬಂದರೆ ಕಳಿಸಬೇಡಿ. ಈಗಾಗಲೇ ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ರಾತ್ರಿ 9.30ಕ್ಕೆ ಮತ್ತೆ ಕೇಂದ್ರಗಳಿಗೆ ಫೋನ್ ಮಾಡಿ ಕೇಳಿ, 10 ಗಂಟೆಗೆ ಹೊಸದಾಗಿ ಬರೆಯುತ್ತೇನೆ. ಆಗ ಇದನ್ನು ಅಳಿಸುತ್ತೇನೆ, ನೀವೂ ಅಳಿಸಿ. 10ಕ್ಕೆ ನನ್ನಿಂದ ಏನೂ ಬರದಿದ್ದರೆ ಫೋನ್ ಚಾರ್ಜ್ ಮುಗಿದಿದೆ ಅಂತ ತಿಳಿಯಿರಿ. ಮೇಷ್ಟ್ರು ಕೊಚ್ಚಿಹೋದರು ಅಂತ ಆಡಿಯೊ ಮಾಡಬೇಡಿ.