ಕಾರ್ಡ್ ಪರ್ಸಿನಲ್ಲಿದ್ದರೆ ಸಾಲದು, ಮನೆಯವರಿಗೆ ಗೊತ್ತಿರಬೇಕು

ನೇತ್ರದಾನದ ಅರ್ಜಿ ತುಂಬಿದವರಿಗೆ ಮುಂಬಯಿ ಕನ್ನಡಿಗರಲ್ಲಿ ಕೊರತೆಯಿಲ್ಲ. ಗಣಪತಿ ಮಂಟಪದಲ್ಲಿ ಒಮ್ಮೆ, ರಾಜ್ಯೋತ್ಸವದಲ್ಲಿ ಇನ್ನೊಮ್ಮೆ ಸಾಲು ನಿಂತು ಸಹಿ ಹಾಕುತ್ತೇವೆ. ಕಾರ್ಡ್ ಬರುತ್ತದೆ, ಪರ್ಸಿನಲ್ಲಿ ರೈಲ್ವೆ ಪಾಸಿನ ಹಿಂದೆ ಸೇರಿಕೊಳ್ಳುತ್ತದೆ. ಸಾವಾದ ದಿನ ಆ ಪರ್ಸನ್ನು ಯಾರೂ ಬಿಚ್ಚುವುದಿಲ್ಲ. ಹನ್ನೊಂದನೆಯ ದಿನ ಬ್ಯಾಂಕಿನ ಕಾಗದ ಹುಡುಕುವಾಗ ಕಾರ್ಡ್ ಕೈಗೆ ಸಿಗುತ್ತದೆ. ಕಣ್ಣು ತೆಗೆಯಲು ಇರುವುದು ಸಾವಾದ ಮೇಲಿನ ಆರು ಗಂಟೆ ಮಾತ್ರ, ನಾಲ್ಕರೊಳಗಾದರೆ ಇನ್ನೂ ಒಳ್ಳೆಯದು.

ಆದ್ದರಿಂದ ಇದನ್ನು ಕಾರ್ಡ್ ಮಾಡಿಸಿದವರಿಗಿಂತ ಅವರ ಮನೆಯವರು ಓದಬೇಕು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಬದುಕಿದ್ದಾಗ ಇಬ್ಬರು ಸಾಕ್ಷಿಗಳೆದುರು ಒಪ್ಪಿಗೆ ಬರೆದುಕೊಡಬಹುದು; ಆ ಇಬ್ಬರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ ಇರಬೇಕು. ಆದರೂ ನಿಜದಲ್ಲಿ ಮನೆಯವರು ಬೇಡ ಎಂದರೆ ಐ ಬ್ಯಾಂಕಿನವರು ಬಾಗಿಲಿನಿಂದಲೇ ವಾಪಸು ಹೋಗುತ್ತಾರೆ. ಕಾರ್ಡೇ ಇಲ್ಲದಿದ್ದರೂ ಮನೆಯವರು ಮನಸ್ಸು ಮಾಡಿದರೆ ದಾನ ಆಗುತ್ತದೆ. ಎಷ್ಟೋ ಜನರಿಗೆ ಈ ಎರಡನೆಯ ಮಾತು ಗೊತ್ತೇ ಇಲ್ಲ.

ತೆಗೆಯುವುದು ಏನನ್ನು?

ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪೊರೆ ಕಾರ್ನಿಯಾ. ಅಡ್ಡಗಲ ಹನ್ನೆರಡು ಮಿಲಿಮೀಟರಿಗಿಂತ ತುಸು ಕಡಿಮೆ, ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಸಾಮಾನ್ಯವಾಗಿ ರಕ್ತದ ಗುಂಪು ಹೊಂದಿಸುವ ಗೋಜಿಲ್ಲ. ಕಸಿ ಮಾಡುವುದು ಈ ಪೊರೆಯನ್ನು; ಇಡೀ ಕಣ್ಣನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೂಡಿಸಿ ದೃಷ್ಟಿ ಕೊಡುವ ಚಿಕಿತ್ಸೆ ಇಲ್ಲ. ನರ ಒಣಗಿದವರಿಗೆ, ಗ್ಲಾಕೋಮಾದಿಂದಲೋ ರೆಟಿನಾ ಹಾಳಾಗಿಯೋ ದೃಷ್ಟಿ ಕಳೆದುಕೊಂಡವರಿಗೆ ಇದರಿಂದ ಉಪಯೋಗವಿಲ್ಲ. ಭತ್ತದ ತೆನೆ ತಾಗಿ ಹುಣ್ಣಾದವರು, ಸೋಂಕಿನಿಂದ ಕಣ್ಣಿಗೆ ಬಿಳಿ ಕಲೆ ಕೂತವರು, ಕಾರ್ನಿಯಾ ಮೊನಚಾಗುತ್ತ ಹೋಗುವ ಕಾಯಿಲೆಯ ಹುಡುಗ ಹುಡುಗಿಯರು, ಮೋತಿಬಿಂದು ಆಪರೇಷನ್ ಆದ ಮೇಲೆ ಕಾರ್ನಿಯಾ ನೀರುಗಟ್ಟಿದ ಹಿರಿಯರು ಇದಕ್ಕಾಗಿ ಕಾಯುತ್ತಾರೆ. (ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಒತ್ತಿದಾಗ ಸಿಡಿದು ಕಣ್ಣಿಗೆ ಬಿದ್ದ ಸುಣ್ಣ ಕಾರ್ನಿಯಾದ ಅಂಚಿನ ಬೇರುಕೋಶಗಳನ್ನೇ ಸುಡುತ್ತದೆ, ಅಂಥ ಕಣ್ಣಿನಲ್ಲಿ ಬರೀ ಕಸಿ ಮಾಡಿದರೆ ನಿಲ್ಲುವುದು ಕಷ್ಟ.)

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನೆನಪಿರಬಹುದು. ಅದು ಹೇಗೆಂದರೆ, ಪೊರೆಯ ಮುಂದಿನ ಪದರವನ್ನು ಒಬ್ಬರಿಗೂ ಹಿಂದಿನ ಪದರವನ್ನು ಮತ್ತೊಬ್ಬರಿಗೂ ಬಿಡಿಸಿ ಹಾಕಿದರು. ಅವರ ತಂದೆ ಡಾ. ರಾಜ್ ಅವರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ಮನೆಯಲ್ಲಿ ಮೊದಲೇ ಮಾತಾಗಿದ್ದರೆ ಎಷ್ಟು ಸಲೀಸು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

"ಮುಖ ನೋಡಲಾಗದ ಹಾಗೆ ಆಗುತ್ತದಂತೆ"

ಆಗುವುದಿಲ್ಲ. ಈಗ ಹೆಚ್ಚಿನ ಕಡೆ ಕಾರ್ನಿಯಾವನ್ನು ಸುತ್ತಲಿನ ಬಿಳಿಭಾಗದ ಸಣ್ಣ ಅಂಚಿನೊಂದಿಗೆ ಮಾತ್ರ ತೆಗೆಯುತ್ತಾರೆ, ಗುಡ್ಡೆ ಅಲ್ಲೇ ಇರುತ್ತದೆ. ಇಡೀ ಗುಡ್ಡೆ ತೆಗೆದರೂ ಆ ಜಾಗಕ್ಕೆ ಹತ್ತಿ ತುಂಬಿ, ಪ್ಲಾಸ್ಟಿಕ್ ಬಟ್ಟಲು ಕೂರಿಸಿ ರೆಪ್ಪೆ ಮುಚ್ಚುತ್ತಾರೆ. ನೋಡಿದವರಿಗೆ ನಿದ್ದೆ ಹೋದಂತೆಯೇ ಕಾಣುತ್ತದೆ. ಕೆಲಸ ಹದಿನೈದು ಇಪ್ಪತ್ತು ನಿಮಿಷದ್ದು. ಅಪರೂಪಕ್ಕೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ, ರೆಪ್ಪೆಯಂಚಿನಿಂದ ತುಸು ರಕ್ತ ಒಸರಬಹುದು. ಗಾಬರಿ ಬೇಡ, ತಲೆದಿಂಬು ಹಾಗೇ ಇರಲಿ, ಹತ್ತಿಯಿಂದ ಒತ್ತಿ ಒರೆಸಿ. ತಂಡದವರು ಹೊರಡುವ ಮುಂಚೆ ಒಮ್ಮೆ ಮುಖ ನೋಡಿಬಿಡಿ, ಏನಿದ್ದರೂ ಆಗಲೇ ಸರಿಮಾಡುತ್ತಾರೆ.

"ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟಬೇಕಾಗುತ್ತದೆ"

ಹಿರಿಯರು ಈ ಮಾತು ಹೇಳಿದಾಗ ನಗಬೇಡಿ, ಅವರಿಗೆ ಅದು ನಿಜವಾದ ಅಂಜಿಕೆ. ನಮ್ಮ ಕಥೆಗಳಲ್ಲೇ ಉತ್ತರವಿದೆ. ಬೇಡರ ಕಣ್ಣಪ್ಪ ಬದುಕಿದ್ದಾಗಲೇ ಕಣ್ಣು ಕಿತ್ತು ಶಿವನಿಗೆ ಇಟ್ಟ, ಶಿವ ಅವನನ್ನು ಕುರುಡನಾಗಿ ಬಿಡಲಿಲ್ಲ. ಚಿತೆಗೆ ಹೋಗುವ ದೇಹದಲ್ಲಿ ಕಣ್ಣೂ ಸುಡುತ್ತದಲ್ಲ ಎಂದು ಮೆಲ್ಲಗೆ ಕೇಳಿದರೆ ಅನೇಕ ಅಜ್ಜಿಯರು ತಾವೇ ಒಪ್ಪುತ್ತಾರೆ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಕೇಳಿದರೆ, ಚರ್ಚ್ ಮರಣಾನಂತರದ ದಾನವನ್ನು ಒಳ್ಳೆಯ ಕೆಲಸವೆಂದೇ ಹೇಳುತ್ತದೆ. ಮುಸ್ಲಿಂ ಬಂಧುಗಳು ತಮ್ಮ ಮೌಲವಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಲಿ; ಸಾವಿನ ರಾತ್ರಿ ಕೇಳುವ ವಿಷಯ ಅದಲ್ಲ.

"ಕಾರ್ಡ್ ಇದೆ ಅಂತ ಗೊತ್ತಾದರೆ ಡಾಕ್ಟರು ಸರಿಯಾಗಿ ಚಿಕಿತ್ಸೆ ಕೊಡುವುದಿಲ್ಲ"

ಚಿಕಿತ್ಸೆ ಕೊಡುವವರು ಬೇರೆ, ಐ ಬ್ಯಾಂಕಿನವರು ಬೇರೆ. ಹೃದಯ ನಿಂತು, ಡಾಕ್ಟರ್ ಸಾವನ್ನು ಖಚಿತಪಡಿಸಿದ ಮೇಲೂ ಕಾರ್ನಿಯಾ ಗಂಟೆಗಟ್ಟಲೆ ಚೆನ್ನಾಗಿರುತ್ತದೆ. ಹಾಗಿರುವಾಗ ಅವಸರ ಮಾಡಿ ಯಾರಿಗೂ ಆಗಬೇಕಾದ್ದಿಲ್ಲ. ಕಣ್ಣು ಮಾರುತ್ತಾರೆ ಎಂಬ ಮಾತೂ ಓಡಾಡುತ್ತದೆ. ಅಂಗಾಂಗ ಕೊಳ್ಳುವುದು, ಮಾರುವುದು ಅದೇ ಕಾಯ್ದೆಯಲ್ಲಿ ಜೈಲು ಶಿಕ್ಷೆಯ ಅಪರಾಧ. ನಿಮ್ಮಿಂದ ಹಣ ಕೇಳುವುದಿಲ್ಲ, ನಿಮಗೆ ಕೊಡುವುದೂ ಇಲ್ಲ. ಯಾರಿಗೆ ಹಾಕಿದರೆಂದು ಹೆಸರು ಹೇಳುವುದಿಲ್ಲ, ಕೇಳಿ ಮನಸ್ಸು ಕೆಡಿಸಿಕೊಳ್ಳಬೇಡಿ.

"ನನಗೆ ಸಕ್ಕರೆ ಕಾಯಿಲೆ, ಕನ್ನಡಕ, ವಯಸ್ಸು ಎಂಬತ್ತು"

ಯಾವುದೂ ಅಡ್ಡಿಯಲ್ಲ. ಬಿಪಿ, ಆಸ್ತಮಾ, ಮೋತಿಬಿಂದು ಆಪರೇಷನ್ ಕೂಡ ಅಡ್ಡಿಯಲ್ಲ. ವಯಸ್ಸಾದಂತೆ ಕಾರ್ನಿಯಾದ ಹಿಂಬದಿಯ ಕೋಶಗಳು ಕಡಿಮೆಯಾಗುತ್ತವೆ. ಅದನ್ನು ಐ ಬ್ಯಾಂಕಿನವರು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸುತ್ತಾರೆ. ಮನೆಯಲ್ಲಿ ಕೂತು ನೀವೇ ತೀರ್ಪು ಕೊಡಬೇಡಿ. ಲೇಸರ್ ಮಾಡಿಸಿ ಕನ್ನಡಕ ಬಿಟ್ಟವರು ಆ ವಿಷಯ ಹೇಳಬೇಕು, ಅಂಥ ಕಾರ್ನಿಯಾದ ಹಿಂದಿನ ಪದರ ಬಳಕೆಗೆ ಬರಬಹುದು. ತೆಗೆದುಕೊಳ್ಳದಿರುವುದು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತಕ್ಕೆ ಹರಡಿದ ನಂಜು, ರಕ್ತದ ಕ್ಯಾನ್ಸರ್, ಮೆದುಳುಜ್ವರ, ಸಾವಿನ ಕಾರಣವೇ ತಿಳಿಯದಿರುವುದು, ಇಂಥವುಗಳಲ್ಲಿ. ಮುಚ್ಚಿಟ್ಟರೂ ಪ್ರಯೋಜನವಿಲ್ಲ, ತಂಡದವರು ಸ್ವಲ್ಪ ರಕ್ತ ತೆಗೆದುಕೊಂಡು ಪರೀಕ್ಷಿಸಿಯೇ ಮುಂದುವರಿಯುತ್ತಾರೆ. ರಕ್ತ ಯಾಕೆ ಎಂದು ಆಗ ಜಗಳ ತೆಗೆಯುವವರಿರುತ್ತಾರೆ, ಅದಕ್ಕೇ ಈಗಲೇ ಹೇಳುತ್ತಿದ್ದೇವೆ.

ಸಾವಾದ ಕೂಡಲೇ

ಮೊದಲು ಫೋನ್. ಊರಿನಿಂದ ದೊಡ್ಡ ಮಗ ಹೊರಟಿದ್ದಾನೆ, ಬಂದ ಮೇಲೆ ಕೇಳೋಣ ಎಂದು ಕಾದರೆ ಮುಗಿಯಿತು. ಹುಬ್ಬಳ್ಳಿಯಿಂದಾಗಲಿ ಉಡುಪಿಯಿಂದಾಗಲಿ ಆರು ಗಂಟೆಯಲ್ಲಿ ಬಂದು ಮುಟ್ಟುವುದು ಸುಲಭವಲ್ಲ. ಅವನಿಗೂ ಫೋನ್ ಮಾಡಿ ಒಪ್ಪಿಗೆ ಕೇಳಿ, ಸಹಿ ಇಲ್ಲಿರುವ ಹತ್ತಿರದವರು ಹಾಕಬಹುದು: ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ಒಡಹುಟ್ಟಿದವರು. ಸಾಕ್ಷಿಗೆ ಇಬ್ಬರು ನೆರೆಹೊರೆಯವರನ್ನು ಕೂರಿಸಿಕೊಳ್ಳಿ.

ಐ ಬ್ಯಾಂಕಿನ ಸಂಖ್ಯೆ 1919. ಅದು ನಿಮ್ಮ ಮೊಬೈಲಿನಿಂದ ಸಿಗುತ್ತದೋ ಇಲ್ಲವೋ ಇವತ್ತೇ ನೋಡಿ, ಜೊತೆಗೆ ಹತ್ತಿರದ ಐ ಬ್ಯಾಂಕಿನ ನೇರ ಸಂಖ್ಯೆಯನ್ನೂ ಇಟ್ಟುಕೊಳ್ಳಿ. ಮರಾಠಿಯಲ್ಲಿ ಅದಕ್ಕೆ 'ನೇತ್ರಪೇಢಿ' ಎನ್ನುತ್ತಾರೆ, ಆಸ್ಪತ್ರೆ ಬೋರ್ಡಿನಲ್ಲಿ ಹುಡುಕುವಾಗ ಗೊತ್ತಿರಲಿ. ಫೋನಿನಲ್ಲಿ "ನೇತ್ರದಾನ್ ಕರ್ನಾ ಹೈ" ಎಂದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ: ವಯಸ್ಸು, ಸಾವಾದ ಹೊತ್ತು, ಕಾರಣ, ವಿಳಾಸ. ವಿಳಾಸ ಹೇಳುವಾಗ ಬಿಲ್ಡಿಂಗ್, ವಿಂಗ್, ಮಹಡಿ, ಹತ್ತಿರದ ಗುರುತು, ಪೂರ್ವವೋ ಪಶ್ಚಿಮವೋ, ಎಲ್ಲ ಹೇಳಿ. ಡೊಂಬಿವಲಿ ಪಶ್ಚಿಮದ ಮನೆಗೆ ಹೊರಟ ಗಾಡಿ ಪೂರ್ವಕ್ಕೆ ಹೋದರೆ ಅರ್ಧ ಗಂಟೆ ಹಾಳು. ಒಬ್ಬ ಹುಡುಗನನ್ನು ಗೇಟಿನಲ್ಲಿ ನಿಲ್ಲಿಸಿ, ವಾಚ್‌ಮನ್‌ಗೆ ಹೇಳಿಡಿ.

ಅವರು ಬರುವವರೆಗೆ ರೆಪ್ಪೆ ಪೂರ್ತಿ ಮುಚ್ಚಿ. ಚೊಕ್ಕ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲಿಡಿ, ಒಣಗಿದರೆ ಬದಲಿಸಿ. ತಲೆಯ ಕೆಳಗೆ ಎರಡು ದಿಂಬು. ಫ್ಯಾನ್ ಆರಿಸಿ, ಎಸಿ ಇದ್ದರೆ ಹಾಕಿ. ಹೆಚ್ಚು ಹಾಳಾಗುವುದು ಈ ಫ್ಯಾನಿನಿಂದಲೇ. ಜನ ಸೇರಿದ್ದಾರೆ, ಸೆಕೆ ಎಂದು ಯಾರೋ ಜೋರಾಗಿ ತಿರುಗಿಸಿಬಿಡುತ್ತಾರೆ, ಅರೆ ತೆರೆದ ಕಣ್ಣಿನ ಕಾರ್ನಿಯಾ ಒಣಗಿ ಮಬ್ಬಾಗುತ್ತದೆ. ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದರೂ ತಪ್ಪಿಲ್ಲ. ಬಾಯಿಗೆ ತುಳಸಿ ನೀರು ಬಿಡಬಹುದು, ದೀಪ ಹಚ್ಚಬಹುದು. ಕಣ್ಣಿಗೆ ಅರಿಸಿನ, ಗಂಧ, ಎಣ್ಣೆ ಏನೂ ತಾಗಬಾರದು. ಸ್ನಾನ, ಅಲಂಕಾರ ಎಲ್ಲ ಕಣ್ಣು ತೆಗೆದ ಮೇಲೆ ಇಟ್ಟುಕೊಳ್ಳಿ.

ಸಾವಿನ ಕಾರಣ ಬರೆದ ಡಾಕ್ಟರ್ ಸರ್ಟಿಫಿಕೇಟು ಬೇಕು. ಸ್ಮಶಾನಕ್ಕೂ ಅದು ಬೇಕೇಬೇಕು. ರಾತ್ರಿ ಮನೆಯಲ್ಲಿ ಸಾವಾದರೆ ತಡವಾಗುವುದು ಇಲ್ಲೇ, ಹಾಗಾಗಿ ಒಬ್ಬರು ಐ ಬ್ಯಾಂಕಿಗೆ, ಇನ್ನೊಬ್ಬರು ಅದೇ ಹೊತ್ತಿಗೆ ಫ್ಯಾಮಿಲಿ ಡಾಕ್ಟರಿಗೆ ಫೋನ್ ಮಾಡಿ. ಹಳೆಯ ಆಸ್ಪತ್ರೆ ಫೈಲು ಕೈಗೆ ಸಿಗುವಂತಿರಲಿ. ಆಸ್ಪತ್ರೆಯಲ್ಲಿ ಸಾವಾದರೆ ವಾರ್ಡಿನ ಸಿಸ್ಟರಿಗೆ ಹೇಳಿದರೆ ದಾರಿ ತೋರಿಸುತ್ತಾರೆ. ವೆಂಟಿಲೇಟರಿನಲ್ಲಿದ್ದವರ ರೆಪ್ಪೆ ಅರೆ ತೆರೆದೇ ಇರುತ್ತದೆ, ಅದನ್ನು ಮುಚ್ಚಿಡಿ ಎಂದು ಕೇಳಿಕೊಳ್ಳಿ. ಅಪಘಾತದಂಥ ಪೊಲೀಸ್ ಕೇಸಾದರೆ ಪೊಲೀಸರ ಮತ್ತು ಪೋಸ್ಟ್‌ಮಾರ್ಟಂ ಡಾಕ್ಟರ ಒಪ್ಪಿಗೆ ಬೇಕಾಗುತ್ತದೆ. ಹಾಗೆಂದು ಕೈಬಿಡಬೇಡಿ, ಐ ಬ್ಯಾಂಕಿನವರಿಗೆ ತಿಳಿಸಿ, ಮಾತಾಡಲು ಅವರಿಗೆ ಗೊತ್ತಿದೆ.

ತೆಗೆದ ಕಣ್ಣೆಲ್ಲ ಕಸಿಗೇ ಆಗುತ್ತದೆಂದು ಯಾರೂ ಮಾತು ಕೊಡಲಾರರು. ಕಸಿಗೆ ಆಗದ್ದನ್ನು ನಿಮ್ಮ ಒಪ್ಪಿಗೆಯಿದ್ದರೆ ಡಾಕ್ಟರುಗಳ ತರಬೇತಿಗೋ ಸಂಶೋಧನೆಗೋ ಬಳಸುತ್ತಾರೆ. ಸಹಿ ಹಾಕುವಾಗ ಆ ಸಾಲನ್ನು ಓದಿ.

ಕಾರ್ಡ್ ಇಟ್ಟುಕೊಂಡವರೇ, ಇವತ್ತು ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆಯಿರಿ. "ಅಪಶಕುನ ಮಾತಾಡಬೇಡಿ" ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಹೋಗಬಹುದು, ನಾಳೆ ಮತ್ತೆ ಹೇಳಿ. ಮಗಳಿಗೋ ಸೊಸೆಗೋ ಹೇಳಿದರೆ ಕೆಲಸ ಬೇಗ ಆಗುತ್ತದೆ. ನೆಂಟರ ನಡುವೆ ನಿಂತು ಫೋನ್ ಮಾಡುವ ಗಟ್ಟಿತನ ಯಾರಿಗಿದೆಯೋ ಅವರಿಗೇ ಹೇಳಿ. ಆಮೇಲೆ ಒಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ:

"ನನ್ನ ಕಣ್ಣು ದಾನ ಮಾಡಬೇಕು. ಕೂಡಲೇ 1919ಕ್ಕೆ ಫೋನ್ ಮಾಡಿ. ಫ್ಯಾನ್ ಹಾಕಬೇಡಿ. ಯಾರನ್ನೂ ಕಾಯಬೇಡಿ. ಆಸ್ಪತ್ರೆ ಫೈಲು ಕಪಾಟಿನ ಕೆಳಗಿನ ಖಾನೆಯಲ್ಲಿದೆ. — ಅಪ್ಪ"