ಜೂನ್ 1ರಿಂದ ಗ್ಲೌಸ್, ಕನ್ನಡಕ, ಮಾಸ್ಕ್ ಕಡ್ಡಾಯ

ಹಿರಿಯಡ್ಕ, ಉಡುಪಿ ಜಿಲ್ಲೆ
ಮೇ 18

ನಮ್ಮ ಗೇರುಬೀಜ ಕಾರ್ಖಾನೆಯ ಎಲ್ಲ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ.

ಜೂನ್ 1ರಿಂದ ಸುರಕ್ಷತೆಯ ಸಾಮಾನು ಹಾಕಿಕೊಳ್ಳದೆ ಯಾರೂ ಕೆಲಸಕ್ಕೆ ಕೂರುವಂತಿಲ್ಲ. ಕಟಿಂಗ್ ವಿಭಾಗಕ್ಕೆ ಕಾಲಿಟ್ಟರೆ ನನಗೂ ಸೂಪರ್‌ವೈಸರಿಗೂ ಇದೇ ನಿಯಮ.

ಕಾರಣ ನಿಮಗೆ ಗೊತ್ತಿರುವುದೇ. ಬೀಜದ ಸಿಪ್ಪೆಯೊಳಗಿನ ಸೊನೆ ಎಣ್ಣೆ ಚರ್ಮವನ್ನು ಸುಡುತ್ತದೆ. ಕಟಿಂಗ್‌ನಲ್ಲಿರುವವರ ಹೆಬ್ಬೆರಳು, ತೋರುಬೆರಳು ನೋಡಿದರೆ ಸಾಕು. ತುದಿ ಕಪ್ಪಾಗಿದೆ, ಉಗುರಿನ ಬುಡದಲ್ಲಿ ಚರ್ಮ ಸುಲಿದಿದೆ. ಮಧ್ಯಾಹ್ನ ಅನ್ನಕ್ಕೆ ಸಾರು ಕಲಸುವಾಗ ಕೈ ಉರಿಯುತ್ತದೆ ಅಂತ ಎಷ್ಟೋ ಜನ ಹೇಳಿದ್ದೀರಿ. ದುಡಿಮೆಗೆ ಬಂದವರು ಇಷ್ಟು ನೋವು ತಿನ್ನಬೇಕಾಗಿಲ್ಲ.

ಕೈಗೆ ತೆಂಗಿನೆಣ್ಣೆ ಹಚ್ಚಿ ಕೂರುವುದು ಹಿಂದಿನಿಂದ ಬಂದ ರೂಢಿ. ದಿನವಿಡೀ ಕೆಲಸಕ್ಕೆ ಅದು ಸಾಲದು. ಬಟ್ಟೆಯ ಗ್ಲೌಸ್ ಅಂತೂ ಬೇಡವೇ ಬೇಡ. ಅದು ಸೊನೆ ಹೀರಿಕೊಂಡು ಚರ್ಮಕ್ಕೇ ಅಂಟಿಸಿ ಇಡುತ್ತದೆ. ಹಾಗಾಗಿ ಎಣ್ಣೆ ಒಳಗೆ ಬಿಡದ ನೈಟ್ರೈಲ್ ಗ್ಲೌಸ್ ತರಿಸಿದ್ದೇನೆ. ಸಣ್ಣ ತೂತಾದರೂ ತಕ್ಷಣ ಬದಲಾಯಿಸಿ, ಸಂಜೆವರೆಗೆ ಕಾಯಬೇಡಿ. ಸ್ಟೋರಿನಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ.

ಕಟಿಂಗ್‌ನವರಿಗೆ ಗ್ಲೌಸ್ ಜೊತೆ ಏಪ್ರನ್, ಕನ್ನಡಕ. ಬ್ಲೇಡ್ ಬಿದ್ದಾಗ ಸೊನೆ ಕಣ್ಣಿಗೆ ಸಿಡಿಯುವುದು ಒಂದು ಕ್ಷಣದ ಕೆಲಸ ಅಲ್ವಾ? ಸಿಡಿದರೆ ಉಜ್ಜಬೇಡಿ. ನಲ್ಲಿ ಕೆಳಗೆ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಹೋಗಿ. ರಿಕ್ಷಾ, ಔಷಧಿಯ ಖರ್ಚು ನನ್ನದು. ಪೀಲಿಂಗ್‌ನವರಿಗೆ ಹೊಟ್ಟಿನ ಧೂಳು ತಡೆಯಲು ಮಾಸ್ಕ್. ಬಾಯ್ಲರ್‌ನವರಿಗೆ ಬಿಸಿ ತಡೆಯುವ ಗ್ಲೌಸ್, ಸೇಫ್ಟಿ ಶೂ. ಕಂಪ್ರೆಸರ್ ಪಕ್ಕದವರು ಕಿವಿಗೆ ಪ್ಲಗ್ ಹಾಕಲೇಬೇಕು. ಕಿವಿ ಹೋಗುವುದು ನಿಧಾನವಾಗಿ, ಹೋದದ್ದು ಮತ್ತೆ ಬರುವುದಿಲ್ಲ.

ಇದಕ್ಕೆ ನಿಮ್ಮ ಸಂಬಳದಿಂದ ಒಂದು ರೂಪಾಯಿಯೂ ಹಿಡಿಯುವುದಿಲ್ಲ.

ಇನ್ನು ನಿಮ್ಮ ದೊಡ್ಡ ಚಿಂತೆ ಕಿಲೋ ಲೆಕ್ಕದ್ದು. ಗ್ಲೌಸ್ ಹಾಕಿದರೆ ಕೈ ಓಡುವುದಿಲ್ಲ, ದುಡ್ಡು ಕಮ್ಮಿಯಾಗುತ್ತದೆ ಅಂತ. ಆ ಮಾತು ನಿಜ, ಶುರುವಿನಲ್ಲಿ ನಿಧಾನವಾಗುತ್ತದೆ. ಅದಕ್ಕೇ ಜೂನ್, ಜುಲೈ ಎರಡು ತಿಂಗಳು ಯಾರಿಗೂ ಮಾರ್ಚ್-ಏಪ್ರಿಲ್‌ನ ಸರಾಸರಿಗಿಂತ ಕಮ್ಮಿ ಕೊಡುವುದಿಲ್ಲ. ಜಾಸ್ತಿ ಮಾಡಿದವರಿಗೆ ಜಾಸ್ತಿಯೇ. ಕಟಿಂಗ್ ಮೇಜಿನಲ್ಲಿ ಅವಸರ ಬೇಡ, ಬೆರಳು ಮುಖ್ಯ.

ಹಾಕದೆ ಬಂದವರಿಗೆ ದಂಡ ಇಲ್ಲ. ಸ್ಟೋರಿಗೆ ಹೋಗಿ ಹಾಕಿಕೊಂಡು ಬಂದ ಮೇಲೆಯೇ ಕೆಲಸ. ಊಟಕ್ಕೆ, ಎಲೆ-ಅಡಿಕೆಗೆ ಮೊದಲು ಗ್ಲೌಸ್ ತೆಗೆದು ಸೋಪಿನಲ್ಲಿ ಕೈ ತೊಳೆಯಿರಿ. ಸೀಮೆಎಣ್ಣೆಯಲ್ಲಿ ತೊಳೆಯುವುದು ಬೇಡ, ಅದು ಚರ್ಮವನ್ನು ಇನ್ನಷ್ಟು ಹಾಳು ಮಾಡುತ್ತದೆ. ಗ್ಲೌಸ್‌ನಿಂದಲೇ ತುರಿಕೆ ಬಂದರೆ ಸುಮ್ನೆ ಸಹಿಸಿಕೊಳ್ಳಬೇಡಿ, ಬೇರೆ ತರಹದ್ದು ತರಿಸುತ್ತೇನೆ.

ಮೇ 25ರಂದು ಊಟದ ನಂತರ ಎಲ್ಲರೂ ಸ್ಟೋರಿನ ಹತ್ತಿರ ಬನ್ನಿ. ಅಳತೆ ನೋಡಿ, ಹಾಕಿ ನೋಡಿ ತೆಗೆದುಕೊಳ್ಳಿ. ಓದಲು ಬಾರದವರಿಗೆ ಸೂಪರ್‌ವೈಸರ್ ಈ ಪತ್ರವನ್ನು ತುಳುವಿನಲ್ಲಿ ಹೇಳುತ್ತಾರೆ.

ಇಂತಿ ನಿಮ್ಮ,
ಕಾರ್ಖಾನೆಯ ಮಾಲೀಕ