ಮನ್ಯಾಗ ಸಪ್ಪಳ ಯಾವಾಗ, ಸುಮ್ಮನ ಯಾವಾಗ

ಅಣ್ಣಾ, ಅವ್ವಾ, ಅಪ್ಪಾ, ಮೂರೂ ಮಂದಿ ಓದ್ರಿ. ಮೊನ್ನೆ ಕುಕ್ಕರ್ ಸೀಟಿಗೆ ಅಣ್ಣ ಎದ್ದು ಒದರಾಡಿದ್ದು, ನಾ ಪುಸ್ತಕ ಒಗದು ಅತ್ತಿದ್ದು ಸಾಕಾತು. ನಿನ್ನೆ ಚಹಾ ಕುಡ್ಕೋತ ಎಲ್ಲಾರೂ ಹೂಂ ಅಂದಿದ್ದನ್ನ ಬರದು ಫ್ರಿಜ್ಜಿಗೆ ಅಂಟಿಸೇನಿ. ನನ್ನ ಪರೀಕ್ಷಾ ಮುಗಿಯೂ ತನಕ ಇದ ನಡೀಬೇಕು.

ಅಣ್ಣಂದು ನೈಟ್ ಶಿಫ್ಟ್ ಇದ್ದ ವಾರ (ಉದ್ಯಮಬಾಗ, ರಾತ್ರಿ 11ರಿಂದ ಮುಂಜಾನಿ 7)

7:30 – ಅಣ್ಣ ಬರ್ತಾನ, ಜಳಕ, ನಾಷ್ಟಾ. ರೊಟ್ಟಿ ಬಡಿಯೂದು, ಮಿಕ್ಸರ್, ಭಾಂಡೆ ತಿಕ್ಕೂದು ಎಲ್ಲಾ 8:30ರ ಒಳಗ ಮುಗೀಬೇಕು.
8:30ರಿಂದ 3:30 – ಅಣ್ಣನ ನಿದ್ದಿ, ಮನಿ ಸುಮ್ಮನ. ನಾ ಪಡಸಾಲ್ಯಾಗ ಬರಿಯೂ ಕೆಲಸ ಅಷ್ಟ ಮಾಡ್ತೀನಿ.
3:30ರಿಂದ 6:00 – ಏನ್ ಬೇಕಾದ್ದು ಸಪ್ಪಳ ಮಾಡ್ರಿ. ವಾಷಿಂಗ್ ಮಷಿನ್, ಮರುದಿನದ ಚಟ್ನಿಪುಡಿ ಕುಟ್ಟೂದು ಈಗ.
6:30ರಿಂದ 9:00 – ನನ್ನ ಓದು. ಟಿವಿ ಬಂದ್.
9:00 – ಊಟ, ಅಪ್ಪನ ನ್ಯೂಸ್.
10:15 – ಅಣ್ಣ ಹೊಂಡ್ತಾನ. ಅವನ ಖೋಲಿ ನಂದು, 12ರ ತನಕ ಬಾಗಲಾ ಹಾಕ್ಕೊಂಡು ಗಟ್ಟಿಯಾಗಿ ಓದ್ತೀನಿ.

ಇರೂದ ಒಂದ ಖೋಲಿ ಒಂದ ಟೇಬಲ್ಲು, ಹಗಲಿಗೆ ಅಂವಂದು ರಾತ್ರಿಗೆ ನಂದು, ಹಿಂಗ ಹಂಚ್ಕೊಂಡ್ರನ ಜಗಳ ಕಡಿಮಿ. ಆದ್ರ ನನ್ನ ನೋಟ್ಸ್ ಎಲ್ಲಾ ಆ ಖೋಲ್ಯಾಗಿನ ತಿಜೋರಿ ಒಳಗ ಇರ್ತಾವು, ಅದರ ಬಾಗಲಾ ಎಷ್ಟ ಮೆಲ್ಲಕ ತಗದ್ರೂ ಕಿರ್ರ್ ಅಂತೈತಿ, ಅಣ್ಣ ಮಗ್ಗಲಾ ಬದಲಿಸಿ 'ಯಾರದು' ಅಂತಾನ, ಅಲ್ಲಿಗೆ ಅವನ ನಿದ್ದಿ ಮುಗೀತು. ಅದಕ್ಕ ದಿನದ ಪುಸ್ತಕ 8ಕ್ಕ ಹೊರಗ ತಗದು ಇಡ್ತೀನಿ, ಮರತ್ರ ಮರತಂಗ, ಒಳಗ ಹೋಗಂಗಿಲ್ಲ. ಬಾಗಲಾದ ಕೀಲಿಗೆ ಎಣ್ಣಿ ಬಿಟ್ಟೇನಿ, ಭಾಳೇನ ಫರಕ್ ಆಗಿಲ್ಲ.

ಅವ್ವಾ, ಮಧ್ಯಾಹ್ನ ಅನ್ನಕ್ಕ ಕುಕ್ಕರ್ ಬ್ಯಾಡ, ಪಾತ್ರ್ಯಾಗ ಬಸದು ಮಾಡು, ಬ್ಯಾಳಿ ಮುಂಜಾನಿನ ಕುದಿಸಿಡು. ಬೆಲ್ಲಿನ ಸ್ವಿಚ್ 8:30ಕ್ಕ ಆರಿಸೂದು. ಗ್ಯಾಸ್, ಕೊರಿಯರ್ ಬಂದ್ರ ಅಪ್ಪನ ಫೋನಿಗೆ ಹಚ್ಚಲಿ, ಆ ಫೋನ್ ವೈಬ್ರೇಶನ್ ಮ್ಯಾಲ ಇರಲಿ, ಕಪಾಟಿನ ಮ್ಯಾಲ ಅಲ್ಲ ಕಿಸೇದಾಗ. ಕಿಡಕಿಗೆ ಹಳೇ ಕರೇ ಕಂಬಳಿ ಕಟ್ಟೇವಿ, ಬೆಳಕಿಗೆ ನಿದ್ದಿ ಹತ್ತೂದಿಲ್ಲಂತ ಅಣ್ಣಂದ ಹಠ, ಹಗಲ ಯಾರೂ ಬಿಚ್ಚಬ್ಯಾಡ್ರಿ.

ನಳ ಬಂದ ದಿನಾ ಈ ನಿಯಮ ನಡಿಯೂದಿಲ್ಲ. ಮೋಟರ್ ಹಚ್ಚಬೇಕ, ಅಣ್ಣ ತಡಕೋಬೇಕ. ಕಸದ ಗಾಡಿ ಹಾಡಿಗೆ ನಾವೇನೂ ಮಾಡಾಕ ಆಗೂದಿಲ್ಲ.

ಅಣ್ಣಾ, ಈಗ ನಿಂದು. ನಸುಕಿನ್ಯಾಗ 5ಕ್ಕ ಕ್ಯಾಂಟೀನ್ ಚಹಾ ಕುಡದು ಬಂದು ನಿದ್ದಿ ಬರವಲ್ದು ಅಂತ ನಮ್ಮ ಮ್ಯಾಲ ಹರಿಹಾಯಬ್ಯಾಡ, 3ರ ಮ್ಯಾಲ ಚಹಾ ಬಿಡು. ರಜಾ ದಿನಾ ರಾತ್ರಿ ನಿನಗ ನಿದ್ದಿ ಬರೂದಿಲ್ಲ ಗೊತ್ತೈತಿ, ರೀಲ್ಸ್ ನೋಡು, ಆದ್ರ ಇಯರ್‌ಫೋನ್ ಹಾಕ್ಕೋ, ಆವತ್ತ ನಾ ಪಡಸಾಲ್ಯಾಗ 11ರ ತನಕ ಓದಿ ಅಲ್ಲೇ ಮಲಗ್ತೀನಿ. ಪರೀಕ್ಷಾ ಹಿಂದಿನ ಮೂರ ದಿನಾ ಮಾತ್ರ ಖೋಲಿ ಹಗಲೂ ನನಗ ಬೇಕು, ನೀ ಕಾಕಾನ ಮನ್ಯಾಗ ಮಲಗ್ತೀನಿ ಅಂದೀ, ಅದನ್ನೂ ಬರದೇನಿ, ಹಿಂದಕ್ಕ ಸರಿಯಂಗಿಲ್ಲ.

ತಪ್ಪಿದವ್ರು ಪಾವ್ ಕಿಲೋ ಕುಂದಾ ತರಬೇಕು. ಅಪ್ಪಂದು ಈಗಾಗ್ಲೇ ಒಂದು ಬಾಕಿ ಐತಿ, ಇದನ್ನ ಅಂಟಿಸೂ ಹೊತ್ತಿನ್ಯಾಗನ ಟಿವಿ ಹಚ್ಚಿದ್ದ.